ಒಲೆ ಹಚ್ಚುವ ಮೊದಲು: ಮಂಡಕ್ಕಿ ಒಗ್ಗರಣೆ ಹಿಡಿದುಕೊಂಡು ಒಂದು ಅಡುಗೆ ಪಾಠ

ಮೊದಲ ಅರ್ಧ ಗಂಟೆ ಯಾರೂ ಒಲೆ ಹಚ್ಚುವ ಹಾಗಿಲ್ಲ. ಲೈಟರ್ ನನ್ನ ಹತ್ತಿರವೇ ಇರುತ್ತೆ. ಇವತ್ತು ಮಾಡುವುದು ಮಂಡಕ್ಕಿ ಒಗ್ಗರಣೆ. ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ ಒಗ್ಗರಣೆ ಕಲಿಯೋಕೆ ಕ್ಲಾಸಿಗೆ ಬರಬೇಕಾ ಅಂತ ಹಿಂದಿನ ಸಾಲಿನವರು ನಗುತ್ತಿದ್ದೀರಿ, ಗೊತ್ತಾಗ್ತಿದೆ. ತಿನ್ನೋಕಾದರೆ ಬೇಡ, ಬೀದಿಗೊಂದು ಅಂಗಡಿ ಇದೆ. ಆದರೆ ಹೊಸದಾಗಿ ಕಲಿಯುವವರಿಗೆ ಇದರಷ್ಟು ಒಳ್ಳೆಯ ಪಾಠ ಬೇರೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಬೇಳೆ ಬೇಯುತ್ತಿರುವಾಗ ನೀವು ತರಕಾರಿ ಹೆಚ್ಚಿಕೊಳ್ಳಬಹುದು. ಒಗ್ಗರಣೆಯಲ್ಲಿ ಅದು ನಡೆಯುವುದಿಲ್ಲ. ಸಾಸಿವೆ ಸಿಡಿಯಲು ಶುರುವಾದ ಮೇಲೆ ಕರಿಬೇವು ಹುಡುಕುತ್ತಾ ಫ್ರಿಜ್ ಬಾಗಿಲು ತೆಗೆದರೆ, ನೀವು ವಾಪಸ್ ಬರುವಷ್ಟರಲ್ಲಿ ಸಾಸಿವೆ ಕಪ್ಪಾಗಿ ಕಹಿಯಾಗಿರುತ್ತೆ.

ಅಡುಗೆಮನೆಯಲ್ಲಿ ಕೈ ಸುಟ್ಟುಕೊಳ್ಳುವುದೂ ಹೆಚ್ಚಾಗಿ ಇಂಥ ಗಡಿಬಿಡಿಯಲ್ಲೇ. ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಚಾಕು, ಬಾಣಲೆಯಿಂದ ಹೊಗೆ. ಆಗ ಒದ್ದೆ ಕೈಯಲ್ಲೇ ಮೆಣಸಿನಕಾಯಿ ಎತ್ತಿ ಎಣ್ಣೆಗೆ ಎಸೆಯುತ್ತೇವೆ. ಆದ್ದರಿಂದ ಸಾಮಾನು ಜೋಡಿಸಿಕೊಳ್ಳುವುದು ಬೇರೆ, ಸುಡದ ಹಾಗೆ ನೋಡಿಕೊಳ್ಳುವುದು ಬೇರೆ ಅಂತ ನಾನು ಎರಡು ಪಾಠ ಮಾಡುವುದಿಲ್ಲ.

ನಾಲ್ಕು ಜನಕ್ಕೆ ಬೇಕಾದದ್ದು

ಮಂಡಕ್ಕಿ ಸುಮಾರು 200 ಗ್ರಾಂ. ಎಣ್ಣೆ 4 ದೊಡ್ಡ ಚಮಚ. ಶೇಂಗಾ ಒಂದು ಹಿಡಿ. ಸಾಸಿವೆ, ಜೀರಿಗೆ ತಲಾ ಒಂದು ಚಿಕ್ಕ ಚಮಚ. ಹಸಿಮೆಣಸಿನಕಾಯಿ ಐದಾರು, ಬೆಳ್ಳುಳ್ಳಿ ಆರೇಳು ಎಸಳು, ಕರಿಬೇವು ಎರಡು ಕಡ್ಡಿ, ಮಧ್ಯಮ ಗಾತ್ರದ ಈರುಳ್ಳಿ ಎರಡು. ಅರಿಶಿನ ಅರ್ಧ ಚಿಕ್ಕ ಚಮಚ. ಪುಟಾಣಿ ಪುಡಿ ನಾಲ್ಕೈದು ದೊಡ್ಡ ಚಮಚ. ನಿಂಬೆಹಣ್ಣು ಒಂದು, ಕೊತ್ತಂಬರಿ ಸೊಪ್ಪು, ಉಪ್ಪು, ಬೇಕಿದ್ದರೆ ಚಿಟಿಕೆ ಸಕ್ಕರೆ. ಮಂಡಕ್ಕಿಯನ್ನು ಬಾಯಿಗೆ ಹಾಕಿ ನೋಡಿಯೇ ಉಪ್ಪಿನ ಅಳತೆ ತೀರ್ಮಾನ ಮಾಡಿ. ಭಟ್ಟಿಯಲ್ಲಿ ಹುರಿಯುವ ಮೊದಲೇ ಅಕ್ಕಿಗೆ ಉಪ್ಪು ಹಾಕಿರುತ್ತಾರೆ. ಒಂದು ಕಡೆಯ ಮಂಡಕ್ಕಿಗೂ ಇನ್ನೊಂದು ಕಡೆಯದಕ್ಕೂ ಉಪ್ಪು ಒಂದೇ ಸಮ ಇರುವುದಿಲ್ಲ.

ನೀರಿನ ಕೆಲಸ ಮೊದಲು

ತೊಳೆಯುವುದೆಲ್ಲ ಎಲ್ಲಕ್ಕಿಂತ ಮೊದಲು ಮುಗಿಯಲಿ. ಕರಿಬೇವು, ಮೆಣಸಿನಕಾಯಿ, ಕೊತ್ತಂಬರಿ ತೊಳೆದು, ಕೊಡವಿ, ಒಣ ಹತ್ತಿ ಬಟ್ಟೆಯ ಮೇಲೆ ಹರವಿ. ಫ್ಯಾನ್ ಕೆಳಗಿಟ್ಟರೆ ಅರ್ಧ ಗಂಟೆ ಸಾಕು. ಅಷ್ಟರಲ್ಲಿ ಉಳಿದ ಕೆಲಸ ಆಗುತ್ತೆ.

ಇದರ ಮೇಲೆ ನನಗೆ ಯಾಕಿಷ್ಟು ಹಟ? ನೀರು 100 ಡಿಗ್ರಿಗೆ ಕುದಿಯುತ್ತೆ. ಒಗ್ಗರಣೆ ಎಣ್ಣೆ ಸುಲಭವಾಗಿ 170, 180 ಡಿಗ್ರಿ ಮುಟ್ಟಿರುತ್ತೆ. ನೀರು ಎಣ್ಣೆಗಿಂತ ಭಾರ, ಹಾಗಾಗಿ ಎಲೆ ಮೇಲಿನ ಹನಿ ಎಣ್ಣೆಯ ಕೆಳಗೆ ಇಳಿಯುತ್ತೆ. ಇಳಿದ ಕೂಡಲೇ ಆವಿಯಾಗುತ್ತೆ. ಆವಿಯಾದಾಗ ಅದಕ್ಕೆ ಬೇಕಾಗುವ ಜಾಗ ಮೊದಲಿನ ಸುಮಾರು 1,600 ಪಟ್ಟು. ಅದು ಮೇಲಿನ ಎಣ್ಣೆಯನ್ನು ತಳ್ಳಿಕೊಂಡೇ ಹೊರಬರಬೇಕು. ಆ ಎಣ್ಣೆ ಬೀಳುವುದು ನಿಮ್ಮ ಮುಂಗೈ ಮೇಲೆ. "ಕರಿಬೇವು ಸಿಡಿಯುತ್ತೆ" ಅಂತೀವಲ್ಲ, ಅದರಲ್ಲಿ ಎಲೆಯ ಪಾಲು ಕಡಿಮೆ, ಮೇಲೆ ಉಳಿದ ನೀರಿನ ಪಾಲೇ ಜಾಸ್ತಿ.

ಒಣಗಿದೆಯಾ ಅಂತ ತಿಳಿಯಲು ಒಂದು ಎಲೆಯನ್ನು ಪೇಪರ್ ಮೇಲೆ ಒತ್ತಿ. ಒದ್ದೆ ಗುರುತು ಮೂಡಿದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ. ಎಲೆಯ ಹಿಂಬದಿ ನೋಡುವುದನ್ನು ಮರೆಯಬೇಡಿ. ನೀರು ಅಲ್ಲೇ ನಿಲ್ಲುತ್ತೆ.

ಬಾಣಲೆ, ಸೌಟು, ಎಣ್ಣೆ ಚಮಚ ಇವೂ ಒಣಗಿರಬೇಕು. ತೊಳೆದು ಬೋರಲು ಹಾಕಿದ ಬಾಣಲೆಯ ಅಂಚಿನಲ್ಲಿ ನೀರು ಉಳಿದಿರುತ್ತೆ. ಒರೆಸಿ ಒಲೆ ಮೇಲಿಡಿ, ಖಾಲಿ ಬಾಣಲೆ ಪೂರ್ತಿ ಒಣಗಿದ ಮೇಲೆ ಎಣ್ಣೆ ಹಾಕಿ. ನಾನ್‌ಸ್ಟಿಕ್ ಆದರೆ ಹಾಗೆ ಬರಿದಾಗಿ ಕಾಯಿಸಬೇಡಿ, ಬಟ್ಟೆಯಲ್ಲಿ ಒರೆಸಿದರೆ ಸಾಕು.

ಹೆಚ್ಚುವುದು

ಈರುಳ್ಳಿ ಉದ್ದುದ್ದ, ತೆಳ್ಳಗೆ. ಎಲ್ಲಾ ಎಳೆಗಳೂ ಹೆಚ್ಚುಕಡಿಮೆ ಒಂದೇ ದಪ್ಪ ಇರಲಿ. ಒಂದು ದಪ್ಪ ಒಂದು ತೆಳು ಆದರೆ, ದಪ್ಪದ್ದು ಮೆತ್ತಗಾಗುವಷ್ಟರಲ್ಲಿ ತೆಳುವಾದದ್ದು ಸೀದು ಹೋಗಿರುತ್ತೆ. ಹೆಚ್ಚಿದ ಮೇಲೆ ಉಪ್ಪು ಬೆರೆಸಿ ಇಡಬೇಡಿ. ಉಪ್ಪು ನೀರು ಬಿಡಿಸುತ್ತೆ, ಆ ನೀರೆಲ್ಲ ಎಣ್ಣೆಗೆ ಹೋಗುತ್ತೆ.

ಮೆಣಸಿನಕಾಯಿಯನ್ನು ಇಡಿಯಾಗಿ ಎಣ್ಣೆಗೆ ಹಾಕಲೇಬಾರದು. ಒಳಗೆ ಗಾಳಿ, ತೇವ ಎರಡೂ ಇರುತ್ತೆ, ಹೊರಬರಲು ದಾರಿ ಇರುವುದಿಲ್ಲ, ಕೊನೆಗೆ ಪಟ್ ಅಂತ ಒಡೆಯುತ್ತೆ. ತುಂಡು ಮಾಡಿ, ಇಲ್ಲವೇ ಉದ್ದಕ್ಕೆ ಸೀಳಿ. ಮಂಡಕ್ಕಿ ಜೊತೆ ತಿನ್ನುವ ಮಿರ್ಚಿಗೂ ಇದೇ ಲೆಕ್ಕ. ಸೀಳದ ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಬಿಟ್ಟರೆ ಕಡಾಯಿಯಲ್ಲೇ ಸಿಡಿಯುವ ಸಾಧ್ಯತೆ ಇದೆ.

ಖಾರದ ಕೈಯನ್ನು ಬರೀ ನೀರಿನಲ್ಲಿ ತೊಳೆದರೆ ಉರಿ ಹೋಗಲ್ಲ. ಮೆಣಸಿನಕಾಯಿ ಖಾರ ಎಣ್ಣೆಯಲ್ಲಿ ಕರಗುತ್ತೆ, ನೀರಲ್ಲಿ ಅಷ್ಟಾಗಿ ಕರಗಲ್ಲ. ಬೆರಳಿಗೆ ನಾಲ್ಕು ಹನಿ ಅಡುಗೆ ಎಣ್ಣೆ ತಿಕ್ಕಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಒಲೆ ಹಚ್ಚುವ ಮೊದಲೇ ಇದನ್ನು ಮುಗಿಸಿ. ಹೊಗೆಗೆ ಕಣ್ಣು ಉಜ್ಜಿಕೊಂಡಾಗ ಗೊತ್ತಾಗುತ್ತೆ ಯಾಕೆ ಹೇಳಿದೆ ಅಂತ.

ಪುಟಾಣಿಯನ್ನು ಒಣ ಮಿಕ್ಸಿ ಜಾರಿನಲ್ಲಿ ಸ್ವಲ್ಪ ತರಿಯಾಗಿ ಪುಡಿ ಮಾಡಿ. ನಿಂಬೆ ರಸ ಹಿಂಡಿ, ಬೀಜ ತೆಗೆದು ಬಟ್ಟಲಲ್ಲಿಡಿ.

ಸಾಲು ಹಾಕುವುದು

ಈಗ ತಟ್ಟೆಗಳು. ಒಲೆಯ ಪಕ್ಕ, ನಿಮ್ಮ ಬಲಗೈಗೆ ಸಿಗುವ ಹಾಗೆ, ಹಾಕುವ ಕ್ರಮದಲ್ಲೇ ಇಡಿ: ಶೇಂಗಾ, ಸಾಸಿವೆ, ಜೀರಿಗೆ, ಬೆಳ್ಳುಳ್ಳಿ, ಮೆಣಸಿನಕಾಯಿ, ಕರಿಬೇವು, ಈರುಳ್ಳಿ, ಅರಿಶಿನ, ಉಪ್ಪು. ಒಟ್ಟಿಗೆ ಎಣ್ಣೆಗೆ ಬೀಳುವುದು ಒಂದೇ ತಟ್ಟೆಯಲ್ಲಿರಬಹುದು. ಬೆಳ್ಳುಳ್ಳಿ, ಮೆಣಸಿನಕಾಯಿ, ಕರಿಬೇವು ಒಂದು ತಟ್ಟೆ. ಸಾಸಿವೆ, ಜೀರಿಗೆ ಮಾತ್ರ ಬೇರೆ ಬೇರೆ. ಜೀರಿಗೆ ಬೇಗ ಸೀಯುತ್ತೆ.

"ಮಸಾಲೆ ಡಬ್ಬಿ ಪಕ್ಕದಲ್ಲೇ ಇದ್ದರೆ ಸಾಲದಾ ಮೇಡಂ?" ಅಂತ ಒಬ್ಬರು ಕೇಳಿದಿರಿ. ಕೈ ಪಳಗಿದವರಿಗೆ ಸಾಕು. ನಿಮಗೆ ಸದ್ಯಕ್ಕೆ ಬೇಡ. ಡಬ್ಬಿಯನ್ನು ಬಾಣಲೆ ಮೇಲೆ ಹಿಡಿದು ಚಮಚ ತುಂಬಿಕೊಳ್ಳುವಾಗ ಆವಿ ಒಳಗೆ ಹೋಗಿ ಅರಿಶಿನ ಗಂಟು ಕಟ್ಟುತ್ತೆ. ಅದಕ್ಕಿಂತ ಮುಖ್ಯ, ಆ ಹೊತ್ತಿನಲ್ಲಿ ನಿಮ್ಮ ಕಣ್ಣು ಬಾಣಲೆ ಮೇಲೆ ಇರುವುದಿಲ್ಲ.

ಮಂಡಕ್ಕಿಯನ್ನು ಮಾತ್ರ ಈಗಲೇ ನೆನೆಸಬೇಡಿ. ಎಲ್ಲವನ್ನೂ ಮುಂಚೆಯೇ ಸಿದ್ಧ ಮಾಡಿ ಅಂತ ಹೇಳಿದ ಮೇಲೆ ಇದೊಂದನ್ನು ಬಿಡಬೇಕು. ಮಂಡಕ್ಕಿ ನೀರಲ್ಲಿ ಒಂದು ನಿಮಿಷ ಮೀರಿದರೆ ಹಿಂಡುವಾಗ ಮುದ್ದೆಯಾಗುತ್ತೆ. ಹಿಂಡಿ ಬಹಳ ಹೊತ್ತು ಇಟ್ಟರೂ ಒಂದಕ್ಕೊಂದು ಅಂಟುತ್ತೆ. ಹಾಗಾದರೆ ಯಾವಾಗ? ಒಲೆ ಆರಿಸಿದ ಮೇಲೆ. ಈಗ ದೊಡ್ಡ ಬೋಗುಣಿಯಲ್ಲಿ ನೀರು, ಪಕ್ಕದಲ್ಲಿ ಒಣ ಮಂಡಕ್ಕಿ, ಹಿಂಡಿ ಹಾಕಲು ಖಾಲಿ ತಟ್ಟೆ ಇಟ್ಟುಕೊಳ್ಳಿ. ಇದೆಲ್ಲ ಒಲೆಯಿಂದ ಎರಡು ಮೂರು ಅಡಿ ದೂರ ಇರಲಿ. ನೀರಿನ ಬೋಗುಣಿಗೂ ಕಾದ ಎಣ್ಣೆಗೂ ನೆರೆಹೊರೆ ಬೇಡ.

ಬಾಣಲೆ ಮತ್ತು ನೀವು

ಬಾಣಲೆಯ ತಳ ದುಂಡಗಿದ್ದರೆ ಗ್ಯಾಸ್ ಒಲೆ ಮೇಲೆ ಅಲುಗಾಡುತ್ತೆ. ಖಾಲಿ ಇರುವಾಗಲೇ ಇಟ್ಟು, ಸೌಟಿನಿಂದ ಒಂದು ಬದಿಗೆ ಒತ್ತಿ ನೋಡಿ. ಓಲಾಡಿದರೆ ತಳ ಚಪ್ಪಟೆ ಇರುವುದನ್ನು ತಗೊಳ್ಳಿ. ಉದ್ದ ಹಿಡಿಯದಾದರೆ ಹಿಡಿಯ ಸ್ಕ್ರೂ ಬಿಗಿ ಇದೆಯಾ ನೋಡಿ. ಸಡಿಲವಾದ ಹಿಡಿ ಎತ್ತುವಾಗ ತಿರುಗಿಬಿಡುತ್ತೆ, ಎಣ್ಣೆ ನಿಮ್ಮ ಕಡೆಗೇ ಬರುತ್ತೆ.

ಹಿಡಿ ಕಟ್ಟೆಯಿಂದ ಹೊರಗೆ ಚಾಚಬಾರದು. ಸೀರೆ ಸೆರಗು, ದುಪಟ್ಟಾ, ಓಡಿಬರುವ ಮಗುವಿನ ಕೈ ಯಾವುದು ಬೇಕಾದರೂ ಸಿಕ್ಕಿಕೊಳ್ಳಬಹುದು. ಪಕ್ಕದ ಉರಿಯುವ ಒಲೆ ಮೇಲೂ ಬರಬಾರದು. ಬದಿಗೆ, ಕಟ್ಟೆಯ ಒಳಗೆ ತಿರುಗಿಸಿ. ಸೆರಗು ಸೊಂಟಕ್ಕೆ ಸಿಕ್ಕಿಸಿ, ದುಪಟ್ಟಾ ತೆಗೆದಿಡಿ, ಕೂದಲು ಕಟ್ಟಿ. ನೈಲಾನ್ ಬಟ್ಟೆ ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುತ್ತೆ. ಅಡುಗೆಗೆ ಹತ್ತಿ ಬಟ್ಟೆಯೇ ವಾಸಿ.

ಇನ್ನು ಮಸಿಬಟ್ಟೆ. ಇದು ಒಣಗಿರಬೇಕು, ಪೂರ್ತಿ ಒಣಗಿರಬೇಕು. ಒಣ ಬಟ್ಟೆಯ ಎಳೆಗಳ ಮಧ್ಯೆ ಗಾಳಿ ಇರುತ್ತೆ, ಗಾಳಿಯಲ್ಲಿ ಶಾಖ ನಿಧಾನ ಹರಿಯುತ್ತೆ. ಬಟ್ಟೆ ಒದ್ದೆಯಾದರೆ ಆ ಜಾಗದಲ್ಲಿ ನೀರು ಕೂತಿರುತ್ತೆ. ನೀರು ಶಾಖವನ್ನು ಬೇಗ ದಾಟಿಸುತ್ತೆ, ಜೊತೆಗೆ ಕಾದು ಆವಿಯೂ ಆಗುತ್ತೆ. ಒದ್ದೆ ಬಟ್ಟೆಯಲ್ಲಿ ಬಾಣಲೆ ಎತ್ತಿದರೆ ಮೊದಲ ಎರಡು ಸೆಕೆಂಡ್ ಏನೂ ಅನಿಸಲ್ಲ. ಮೂರನೆಯದಕ್ಕೆ ಚುರುಕ್ ಅನ್ನುತ್ತೆ, ಆಗ ಬಾಣಲೆ ಗಾಳಿಯಲ್ಲಿರುತ್ತೆ, ಕೆಳಗೆ ಬಿಡೋದೊಂದೇ ದಾರಿ. ಕಟ್ಟೆ ಒರೆಸುವ ಬಟ್ಟೆ ಬೇರೆ, ಮಸಿಬಟ್ಟೆ ಬೇರೆ ಇಟ್ಟುಕೊಳ್ಳಿ. ಎರಡಕ್ಕೂ ಒಂದೇ ಬಟ್ಟೆ ಬಳಸುವ ಮನೆಗಳೇ ಜಾಸ್ತಿ.

ಇಕ್ಕಳ ಬಳಸುವುದಾದರೆ ತೆಳು ಅಂಚಿನ ಸಣ್ಣ ಪಾತ್ರೆಗೆ ಸರಿ. ತುಂಬಿದ ದೊಡ್ಡ ಬಾಣಲೆಗೆ ಬೇಡ, ತೂಕಕ್ಕೆ ಜಾರುತ್ತೆ. ಅದಕ್ಕೆ ಎರಡು ಕಿವಿ, ಎರಡು ಮಸಿಬಟ್ಟೆ, ಎರಡು ಕೈ.

ಎತ್ತುವ ಮೊದಲು ಅದನ್ನು ಎಲ್ಲಿ ಇಳಿಸುತ್ತೀರಿ ಅಂತ ತೀರ್ಮಾನ ಆಗಿರಬೇಕು. ಅಲ್ಲಿ ಸಿಂಬಿಯೋ ಮಣೆಯೋ ಇಡಿ, ದಾರಿಯಲ್ಲಿರುವುದನ್ನು ಸರಿಸಿ. ಬಿಸಿ ಬಾಣಲೆ ಹಿಡಿದುಕೊಂಡು "ಎಲ್ಲಿಡಲಿ, ಎಲ್ಲಿಡಲಿ" ಅಂತ ತಿರುಗುವುದನ್ನು ಮೊದಲ ದಿನ ಪ್ರತಿ ಬ್ಯಾಚಿನಲ್ಲೂ ನೋಡುತ್ತೇನೆ.

ಈಗ ಒಲೆ

1. ಬಾಣಲೆಗೆ ಎಣ್ಣೆ ಹಾಕಿ, ಉರಿ ಸಣ್ಣಕ್ಕೂ ಮಧ್ಯಮಕ್ಕೂ ನಡುವೆ ಇರಲಿ. ಎಣ್ಣೆ ಬೆಚ್ಚಗಾದಾಗಲೇ ಶೇಂಗಾ ಹಾಕಿ. ಜೋರಾಗಿ ಕಾದ ಎಣ್ಣೆಗೆ ಹಾಕಿದರೆ ಹೊರಗೆ ಕಪ್ಪು, ಒಳಗೆ ಹಸಿ. ಎರಡು ಮೂರು ನಿಮಿಷ ಕೈಯಾಡಿಸಿ. ಸಿಪ್ಪೆ ಬಿರುಕು ಬಿಟ್ಟು, ಘಮ ಬಂದಾಗ ಜಾಲರಿ ಸೌಟಿನಲ್ಲಿ ತೆಗೆದು ತಟ್ಟೆಗೆ ಹಾಕಿ. ಆಮೇಲೂ ಅದು ತನ್ನ ಬಿಸಿಗೇ ಇನ್ನಷ್ಟು ಕೆಂಪಾಗುತ್ತೆ, ಹಾಗಾಗಿ ಒಂದು ಚೂರು ಮುಂಚೆಯೇ ತೆಗೆಯಿರಿ.

2. ಅದೇ ಎಣ್ಣೆಗೆ ನಾಲ್ಕೇ ನಾಲ್ಕು ಸಾಸಿವೆ ಕಾಳು ಬಿಡಿ. ಸುಮ್ನೆ ತಳದಲ್ಲಿ ಕೂತರೆ ಎಣ್ಣೆ ಇನ್ನೂ ಕಾಯಬೇಕು. ಸುತ್ತ ಗುಳ್ಳೆ ಎದ್ದು ಕೆಲವೇ ಕ್ಷಣಕ್ಕೆ ಸಿಡಿದರೆ ಸರಿ. ಬಿದ್ದ ತಕ್ಷಣ ಕಪ್ಪಾದರೆ ಜಾಸ್ತಿ ಕಾದಿದೆ. ಆಗ ಒಲೆ ಆರಿಸಿ, ಒಂದು ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ. ತಣ್ಣಗಾಗಲಿ ಅಂತ ನೀರು ಚಿಮುಕಿಸಿದರೆ ಏನಾಗುತ್ತೆ ಅಂತ ಆಗಲೇ ಹೇಳಿದ್ದೇನೆ.

3. ಉಳಿದ ಸಾಸಿವೆ ಹಾಕಿ, ಮುಚ್ಚಳವನ್ನು ಓರೆಯಾಗಿ ಹಿಡಿಯಿರಿ. ನಿಮ್ಮ ಕಡೆ ಮುಚ್ಚಿರಲಿ, ಆಚೆ ಕಡೆ ತೆರೆದಿರಲಿ. ಚಟಪಟ ಸದ್ದು ಕಡಿಮೆಯಾಗುತ್ತಿದ್ದ ಹಾಗೆ ಜೀರಿಗೆ ಹಾಕಿ. ಮನಸ್ಸಿನಲ್ಲಿ ಐದು ಎಣಿಸಿ.

4. ಬೆಳ್ಳುಳ್ಳಿ, ಮೆಣಸಿನಕಾಯಿ, ಕರಿಬೇವಿನ ತಟ್ಟೆ. ಇಲ್ಲಿ ಹೊಸಬರೆಲ್ಲ ಹೆದರಿ, ದೂರ ನಿಂತು ಎಸೆಯುತ್ತಾರೆ. ಎತ್ತರದಿಂದ ಬಿದ್ದರೆ ಎಣ್ಣೆ ಜಾಸ್ತಿ ಚಿಮ್ಮುತ್ತೆ. ತಟ್ಟೆಯನ್ನು ಬಾಣಲೆಯ ಅಂಚಿನ ಹತ್ತಿರ ತಂದು, ಆಚೆ ಬದಿಯ ಗೋಡೆಯ ಮೇಲೆ ಜಾರಿಸಿ. ನಿಮ್ಮಿಂದ ಆಚೆಗೆ ಜಾರಬೇಕು, ನಿಮ್ಮ ಕಡೆಗಲ್ಲ. ಮುಖ ಬಾಣಲೆಯ ನೇರ ಮೇಲೆ ಇರಬಾರದು.

5. ಮೆಣಸಿನಕಾಯಿ ಮೇಲೆ ಬಿಳಿ ಚುಕ್ಕೆ ಕಂಡಾಗ ಈರುಳ್ಳಿ. ಈರುಳ್ಳಿಯಲ್ಲಿ ನೀರು ಇರುವುದರಿಂದ ಎಣ್ಣೆಯ ಬಿಸಿ ತಟ್ಟನೆ ಇಳಿಯುತ್ತೆ. ಇಲ್ಲಿಂದ ಮುಂದೆ ಅವಸರ ಇಲ್ಲ. ಮೂರು ನಾಲ್ಕು ನಿಮಿಷ ಬಾಡಿಸಿ, ಅದು ಹೊಳಪಾಗಿ ಮೆತ್ತಗಾಗಬೇಕು, ಕೆಂಪಾಗಬೇಕಿಲ್ಲ. ಅರಿಶಿನ, ಉಪ್ಪು ಹಾಕಿ, ಒಂದು ಸುತ್ತು ತಿರುವಿ, ಒಲೆ ಆರಿಸಿ.

6. ಈಗ ಮಂಡಕ್ಕಿ ನೀರಿಗೆ. ಎರಡು ಹಿಡಿ ಹಿಡಿಯಾಗಿ ಹಾಕಿ, ಮುಳುಗಿಸಿ, ಅರ್ಧ ನಿಮಿಷದೊಳಗೆ ಎತ್ತಿ ಅಂಗೈ ನಡುವೆ ಹಿಂಡಿ. ಒಂದು ಕಾಳು ಒತ್ತಿ ನೋಡಿ. ಹೊರಗೆ ಮೆತ್ತಗೆ, ನಡುವೆ ಚೂರು ಗಟ್ಟಿ ಇದ್ದರೆ ಸರಿ. ಉಳಿದ ಬಿರುಸು ಬಾಣಲೆಯ ಬಿಸಿಗೆ ಹೋಗುತ್ತೆ.

7. ಕೈ ಒರೆಸಿಕೊಂಡು, ಹಿಂಡಿದ ಮಂಡಕ್ಕಿಯನ್ನು ಬಾಣಲೆಗೆ ಹಾಕಿ. ನಿಂಬೆ ರಸ, ಬೇಕಾದರೆ ಸಕ್ಕರೆ, ಆಮೇಲೆ ಪುಟಾಣಿ ಪುಡಿ. ಪುಡಿ ಉಳಿದ ನೀರನ್ನು ಹೀರುತ್ತೆ. ಮಂಡಕ್ಕಿ ಒದ್ದೆಯಾಗಿ ಕಂಡರೆ ಇನ್ನೊಂದು ಚಮಚ ಉದುರಿಸಿ. ಕೆಳಗಿಂದ ಮೇಲಕ್ಕೆ ಎತ್ತಿ ಕಲಸಿ. ಕೊನೆಗೆ ಶೇಂಗಾ, ಕೊತ್ತಂಬರಿ.

ನಿಂಬೆಯನ್ನು ಒಲೆ ಉರಿಯುವಾಗ ಹಾಕಬೇಡಿ. ಕುದಿದರೆ ಅದರ ಘಮ ಹೋಗಿ ಹುಳಿ ಮಾತ್ರ ಉಳಿಯುತ್ತೆ.

ಖಾಲಿಯಾದ ಬಾಣಲೆ ಇನ್ನೂ ಬಿಸಿ ಇದೆ. ನೋಡಿದರೆ ಗೊತ್ತಾಗಲ್ಲ, ಅಲ್ವಾ? ಅದಕ್ಕೇ ಅದರ ಕಿವಿಯ ಮೇಲೆ ಒಂದು ಮಸಿಬಟ್ಟೆ ಹೊದಿಸಿ. ಬಟ್ಟೆ ಇದೆ ಅಂದರೆ ಬರಿಗೈಯಲ್ಲಿ ಮುಟ್ಟಬಾರದು ಅಂತ ನಮ್ಮ ಕ್ಲಾಸಿನ ಗುರುತು. ಬಿಸಿ ಪಾತ್ರೆ ಹಿಡಿದು ಯಾರ ಹಿಂದೆ ಹೋಗುತ್ತಿದ್ದರೂ "ಬಿಸಿ ಬಿಸಿ" ಅಂತ ಕೂಗಿಕೊಂಡೇ ಹೋಗಿ. ನಾಚಿಕೆ ಬೇಡ, ಮದುವೆ ಮನೆ ಅಡುಗೆ ಭಟ್ಟರೂ ಹಾಗೇ ಮಾಡ್ತಾರೆ.

ಎಡವಟ್ಟಾದರೆ

ಎಣ್ಣೆಯಿಂದ ಹೊಗೆ ಏಳುತ್ತಿದ್ದರೆ ಅದು ಎಚ್ಚರಿಕೆ. ಒಲೆ ಆರಿಸಿ, ಬಾಣಲೆ ಅಲ್ಲೇ ಇರಲಿ. ಬೆಂಕಿಯೇ ಹತ್ತಿಕೊಂಡರೆ, ಕೈಗೆ ಎಟುಕಿದರೆ ಗ್ಯಾಸ್ ಆರಿಸಿ, ಬಾಣಲೆಗಿಂತ ದೊಡ್ಡ ಲೋಹದ ಮುಚ್ಚಳವನ್ನೋ ತಟ್ಟೆಯನ್ನೋ ಬದಿಯಿಂದ ಜಾರಿಸಿ ಮುಚ್ಚಿ. ಗಾಳಿ ಸಿಗದೆ ಬೆಂಕಿ ಆರುತ್ತೆ. ಆರಿದೆಯಾ ಅಂತ ಮುಚ್ಚಳ ಎತ್ತಿ ನೋಡುವ ಚಪಲ ಬೇಡ. ಎಣ್ಣೆ ಇನ್ನೂ ಅಷ್ಟೇ ಕಾದಿರುತ್ತೆ, ಗಾಳಿ ತಾಗಿದರೆ ಮತ್ತೆ ಹತ್ತಿಕೊಳ್ಳಬಹುದು. ಬಾಣಲೆ ಪೂರ್ತಿ ತಣ್ಣಗಾಗುವ ತನಕ ಬಿಡಿ. ನೀರು ಸುರಿಯಬೇಡಿ, ಉರಿಯುವ ಬಾಣಲೆ ಎತ್ತಿ ಹಿತ್ತಲಿಗೆ ಓಡಬೇಡಿ. ಮುಚ್ಚಲು ಆಗದಷ್ಟು ದೊಡ್ಡದಾದರೆ ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ, 112ಕ್ಕೆ ಫೋನ್ ಮಾಡಿ. ಅದಕ್ಕೇ ಎಣ್ಣೆ ಇಡುವಾಗ ಮುಚ್ಚಳ ಪಕ್ಕದಲ್ಲೇ ಇರಬೇಕು ಅಂತ ನಾನು ಹೇಳುವುದು.

ಕೈ ಸುಟ್ಟರೆ ಮೊದಲು ಒಲೆ ಆರಿಸಿ, ನಂತರ ನಲ್ಲಿ ಕೆಳಗೆ ಹಿಡಿಯಿರಿ. ಹರಿಯುವ ತಂಪು ನೀರು, 20 ನಿಮಿಷ. ಎರಡು ನಿಮಿಷಕ್ಕೆ ಉರಿ ಇಳಿದ ಹಾಗೆ ಅನಿಸಿ ಕೈ ತೆಗೆಯುತ್ತಾರೆ, ಆದರೆ ಚರ್ಮದ ಒಳಗೆ ಶಾಖ ಇನ್ನೂ ಇರುತ್ತೆ. ಬಳೆ, ಉಂಗುರ, ವಾಚು ಬೇಗ ಬಿಚ್ಚಿ. ಊದಿಕೊಂಡ ಮೇಲೆ ಬರುವುದಿಲ್ಲ. ಐಸ್ ಬೇಡ, ಅದು ಸುಟ್ಟ ಚರ್ಮಕ್ಕೆ ಇನ್ನಷ್ಟು ಪೆಟ್ಟು. ಟೂತ್‌ಪೇಸ್ಟ್, ಇಂಕು, ಅರಿಶಿನ ಯಾವುದೂ ಬೇಡ. ಬೆಣ್ಣೆಯೂ ಬೇಡ, ನಮ್ಮೂರಿನ ಬೆಣ್ಣೆ ದೋಸೆಗೇ ಇರಲಿ. ಗುಳ್ಳೆ ಎದ್ದರೆ ಒಡೆಯಬೇಡಿ, ಶುಭ್ರ ಬಟ್ಟೆ ಸಡಿಲವಾಗಿ ಸುತ್ತಿ. ಸುಟ್ಟದ್ದು ಅಂಗೈಯಷ್ಟು ದೊಡ್ಡದಿದ್ದರೆ, ಮುಖ ಅಥವಾ ಬೆರಳ ಸಂದಿಯಲ್ಲಿದ್ದರೆ, ಚರ್ಮ ಬೆಳ್ಳಗೋ ಕಪ್ಪಗೋ ಆಗಿದ್ದರೆ, ಸುಟ್ಟುಕೊಂಡದ್ದು ಮಗುವಾಗಿದ್ದರೆ, ತಣಿಸಿದ ಕೂಡಲೇ ಆಸ್ಪತ್ರೆ. ಆಂಬುಲೆನ್ಸ್ ಬೇಕಾದರೆ 108.

ಕೊನೆಯದಾಗಿ, "ಮನೆಗೆ ಹತ್ತು ಜನ ಬಂದರೆ ಎಲ್ಲಾ ಎರಡೂವರೆ ಪಟ್ಟು ಹಾಕಿದರೆ ಆಯ್ತಲ್ಲ?" ಅಂತ ಕೇಳಿದಿರಿ. ಸಾಮಾನಿನ ಅಳತೆಗೆ ಹೌದು. ಬಾಣಲೆಗೆ ಅಲ್ಲ. ಈರುಳ್ಳಿ ಹಾಕಿದ ಮೇಲೂ ಬಾಣಲೆ ಅರ್ಧಕ್ಕಿಂತ ಮೇಲೆ ತುಂಬಬಾರದು, ಇಲ್ಲವಾದರೆ ತಿರುವುವಾಗ ಅಂಚು ದಾಟುತ್ತೆ. ಒಗ್ಗರಣೆಯನ್ನು ಎರಡು ಸಲ ಮಾಡಿ. ಮಂಡಕ್ಕಿಯನ್ನು ಬಾಣಲೆಯಲ್ಲಿ ಕಲಸುವ ಬದಲು ದೊಡ್ಡ ಬುಟ್ಟಿಯಲ್ಲೋ ಪರಾತದಲ್ಲೋ ಹಾಕಿ, ಒಗ್ಗರಣೆಯನ್ನು ಸೌಟಿನಲ್ಲಿ ತೋಡಿ ಅದರ ಮೇಲೆ ಹಾಕಿ. ಬಿಸಿ ಬಾಣಲೆಯನ್ನೇ ಎತ್ತಿ ಸುರಿಯಬೇಡಿ. ಮೊದಲ ಎರಡು ಸೌಟು ಹಾಕಿದ ಮೇಲೆ ಮರದ ಕೈಯಿಂದ ಕಲಸಿ, ಬರಿಗೈ ಹಾಕುವುದು ಐದು ನಿಮಿಷ ತಡೆದು.